ಲಕ್ಷಕ್ಕೆ ಎಷ್ಟು ತಿಂಗಳು?

ಕೇಳುಗರಿಗೆ ನಮಸ್ಕಾರ. ಎಸ್‌ಡಿಎ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆ ಅಂತ ಓದುತ್ತಾ ಕೂತ ಮಕ್ಕಳೇ, ಕಾಗದ ಪೆನ್ನು ಹತ್ತಿರ ಇಟ್ಟುಕೊಳ್ಳಿ. ಪಾಲುದಾರಿಕೆ ಲೆಕ್ಕ, ವಯಸ್ಸಿನ ಲೆಕ್ಕ ಎರಡನ್ನೂ ಐದೇ ನಿಮಿಷದಲ್ಲಿ ಹೇಳಬೇಕಂತೆ. ನೋಡುವ.

ಮೊದಲು ಪಾಲುದಾರಿಕೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ಹಾಕಿದ ದುಡ್ಡನ್ನು ಅದು ಇದ್ದ ತಿಂಗಳಿಂದ ಗುಣಿಸಿ. ಆಮೇಲೆ ಅನುಪಾತ ಬರೆಯಿರಿ. ಇಷ್ಟನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಈಗಲೂ ಅರ್ಧ ಮಕ್ಕಳು ದುಡ್ಡನ್ನು ಮಾತ್ರ ನೋಡಿ ಪಾಲು ಹಂಚುತ್ತಾರೆ.

ಮಕ್ಕಳು ಮಾತ್ರ ಅಲ್ಲ. ಒಂದು ಜೂನ್ ತಿಂಗಳು, ಜಡಿಮಳೆ. ಮೀನುಗಾರಿಕೆಗೆ ರಜೆ, ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಸೇರಿದ್ದವು. ಪರಿಚಯದ ಅಣ್ಣ, ತಮ್ಮ, ಭಾವ ಮೂವರು ಸೇರಿ ಒಂದು ಬೋಟನ್ನು ಬಾಡಿಗೆಗೆ ಹಿಡಿದು ಸೀಸನ್ ಮುಗಿಸಿದ್ದರು. ಡೀಸೆಲ್, ಐಸು, ಬಲೆ, ಕೆಲಸದವರ ಪಾಲು ಎಲ್ಲ ಕಳೆದು 2,80,000 ರೂಪಾಯಿ ಉಳಿದಿತ್ತು. ಹಾಕಿದ ದುಡ್ಡಿನ ಪ್ರಮಾಣದಲ್ಲಿ ಲಾಭ ಅಂತ ಮೊದಲೇ ಮಾತಾಗಿತ್ತು. ಆದರೂ ಮೂವರ ಮುಖವೂ ಊದಿತ್ತು. "ಮಾಷ್ಟ್ರೇ, ನೀವೇ ಹೇಳಿ" ಅಂತ ನನ್ನನ್ನು ಜಗಲಿಯಲ್ಲಿ ಕೂರಿಸಿದರು.

ಭಾವ ಕ್ಯಾಲೆಂಡರಿನ ಹಿಂದೆ ಆಗಲೇ ಲೆಕ್ಕ ಬರೆದಿಟ್ಟಿದ್ದರು. ಅಣ್ಣ 4 ಲಕ್ಷ, ತಮ್ಮ 3 ಲಕ್ಷ, ತಾನು 7 ಲಕ್ಷ. ಒಟ್ಟು 14 ಭಾಗ, ಭಾಗಕ್ಕೆ 20,000. ಅಣ್ಣನಿಗೆ 80,000, ತಮ್ಮನಿಗೆ 60,000, ತನಗೆ 1,40,000. ಅಕ್ಷರ ದುಂಡಗೆ ಇತ್ತು, ಲೆಕ್ಕ ತಪ್ಪಿತ್ತು.

ನಾನು ಕೇಳಿದೆ, "ಭಾವ, ನೀವು ದುಡ್ಡು ಹಾಕಿದ್ದು ಯಾವಾಗ?" ಡಿಸೆಂಬರ್ 1ಕ್ಕೆ. ಅಣ್ಣ ತಮ್ಮ ಹಾಕಿದ್ದು ಆಗಸ್ಟ್ 1ಕ್ಕೆ. ಅದೂ ಅಲ್ಲದೆ ಅಣ್ಣ ಮಗಳ ಮದುವೆಗೆ ಅಂತ ನವೆಂಬರ್ ಕೊನೆಗೆ 2 ಲಕ್ಷ ವಾಪಸ್ ತೆಗೆದಿದ್ದ. ತಮ್ಮ ಒಬ್ಬನೇ ಹಾಕಿದ ದುಡ್ಡನ್ನು ಮುಟ್ಟಲಿಲ್ಲ, ಈಗಲೂ ಕಂಬಕ್ಕೆ ಒರಗಿ ಬಾಯಿ ಬಿಡದೆ ಕೂತಿದ್ದ.

ತಿಂಗಳಿಂದ ಗುಣಿಸಿ ಅಂದೆನಲ್ಲ, ಈಗ ಗುಣಿಸುವ. ಅಣ್ಣನ 4 ಲಕ್ಷ ಆಗಸ್ಟಿನಿಂದ ನವೆಂಬರ್‌ವರೆಗೆ 4 ತಿಂಗಳು ಇತ್ತು: 16. ಉಳಿದ 2 ಲಕ್ಷ ಡಿಸೆಂಬರಿನಿಂದ ಮೇವರೆಗೆ 6 ತಿಂಗಳು: 12. ಕೂಡಿಸಿದರೆ 28. ತಮ್ಮನ 3 ಲಕ್ಷ 10 ತಿಂಗಳೂ ಇತ್ತು: 30. ಭಾವನ 7 ಲಕ್ಷ 6 ತಿಂಗಳು: 42. ಒಟ್ಟು ಸರಿಯಾಗಿ 100. ಅಂದರೆ 2,80,000ರಲ್ಲಿ ಅಣ್ಣನಿಗೆ 78,400, ತಮ್ಮನಿಗೆ 84,000, ಭಾವನಿಗೆ 1,17,600.

ಭಾವನ ಲೆಕ್ಕದಲ್ಲಿ ತಮ್ಮನಿಗೆ 24,000 ಖೋತಾ ಆಗುತ್ತಿತ್ತು ಮಾರಾಯ್ರೆ! ಅರ್ಧ ದುಡ್ಡು ತೆಗೆದ ಅಣ್ಣನಿಗೂ 1,600 ಹೆಚ್ಚೇ ಸಿಗುತ್ತಿತ್ತು.

ಅಲ್ಲಿಗೂ ಭಾವ ಬಿಡಲಿಲ್ಲ. "ವರ್ಷಕ್ಕೆ 12 ತಿಂಗಳಲ್ವಾ ಮಾಷ್ಟ್ರೇ, ನನ್ನದು 8 ತಿಂಗಳು ಆಗುತ್ತದೆ" ಅಂದರು. ಹಾಗೆ ಹಾಕಿದರೆ ಅವರ ಪಾಲು ನೂರಕ್ಕೆ 42 ಇದ್ದದ್ದು 45 ದಾಟುತ್ತದೆ. ಬೋಟು ಕಡಲಿಗೆ ಇಳಿಯದ ಜೂನ್, ಜುಲೈಗೆ ಎಂಥ ಪಾಲು? ಪರೀಕ್ಷೆಯಲ್ಲೂ ಹೀಗೇ. ವ್ಯವಹಾರ ಎಷ್ಟು ತಿಂಗಳು ನಡೆಯಿತು ಅಂತ ಮೊದಲು ಓದಿ. "4 ತಿಂಗಳ ನಂತರ ಸೇರಿದ" ಎಂದರೆ ಆ 4ನ್ನು ಕಳೆಯಬೇಕು, "4 ತಿಂಗಳಿಗೆ ಹಾಕಿದ" ಎಂದರೆ ಆ 4ರಿಂದಲೇ ಗುಣಿಸಬೇಕು. ಮಾರ್ಕು ಹೋಗುವುದು ಈ ಒಂದು ಶಬ್ದದಲ್ಲಿ.

ವಕೀಲರು ಕೇಳುತ್ತಿದ್ದರೆ, ಗೊತ್ತು, ಒಪ್ಪಂದವೇ ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಲಾಭ ಸಮಪಾಲು. ಪ್ರಶ್ನೆಪತ್ರಿಕೆಯಲ್ಲಿ ಅದು ಬೇಡ. ಅಲ್ಲಿ ತಿಂಗಳಿಂದ ಗುಣಿಸಿ.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ವಯಸ್ಸಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಇಲ್ಲಿ ಕಾಲದಿಂದ ಗುಣಿಸಬೇಡಿ, ಕೂಡಿಸಿ, ಇಬ್ಬರಿಗೂ ಒಂದೇ ಸಮ. ಹಾಗಾಗಿ ಅನುಪಾತ ಬದಲಾಗುತ್ತದೆ, ವ್ಯತ್ಯಾಸ ಬದಲಾಗುವುದಿಲ್ಲ. ಅಪ್ಪ ಮಗನ ವಯಸ್ಸು ಈಗ 7:2, 10 ವರ್ಷದ ನಂತರ 9:4 ಅನ್ನಿ. 7ಕ್ಕೆ 10 ಕೂಡಿಸಿ 17 ಅಂತ ಬರೆಯುವವರಿದ್ದಾರೆ. ಆ 7 ವರ್ಷ ಅಲ್ಲ, ಭಾಗ. ವ್ಯತ್ಯಾಸ ನೋಡಿ: ಆಗಲೂ 5 ಭಾಗ, ಈಗಲೂ 5 ಭಾಗ. ಭಾಗದ ಗಾತ್ರ ಒಂದೇ ಎಂದಾಯಿತು. ಅಪ್ಪ 7ರಿಂದ 9ಕ್ಕೆ ಹೋದ, ಆ 2 ಭಾಗವೇ 10 ವರ್ಷ. ಒಂದು ಭಾಗ 5 ವರ್ಷ. ಅಪ್ಪನಿಗೆ 35, ಮಗನಿಗೆ 10. ವ್ಯತ್ಯಾಸದ ಭಾಗಗಳು ಎರಡು ಕಡೆ ಬೇರೆ ಬೇರೆ ಬಂದರೆ ಮೊದಲು ಅವನ್ನು ಗುಣಿಸಿ ಸಮ ಮಾಡಿಕೊಳ್ಳಿ, ಮತ್ತೆ ದಾರಿ ಇದೇ. ತಾಳೆ ನೋಡಿ: 10 ವರ್ಷಕ್ಕೆ 45, 20. ಒಂಬತ್ತಕ್ಕೆ ನಾಲ್ಕು ಬಂತಲ್ಲ?

ನಮಸ್ಕಾರ.