ವೆರಿಫೈ ಮಾಡಿದ್ರೂ ಸೇವ್ ಯಾಕೆ ವಾಪಸ್ ಬರಲ್ಲ?

ನಮಸ್ಕಾರ, ಬಳ್ಳಾರಿಯಿಂದ. ಸ್ಟೀಮ್‌ನಲ್ಲಿ ಗೇಮ್ ಕೈಕೊಟ್ಟಾಗ ಯಾರನ್ನ ಕೇಳಿದರೂ ಬರೋ ಮೊದಲ ಉತ್ತರ ಒಂದೇ: "ವೆರಿಫೈ ಮಾಡು." ಗೇಮ್ ಓಪನ್ ಆಗಲ್ವಾ? ವೆರಿಫೈ ಮಾಡು. ಸೇವ್ ಹೋಯ್ತಾ? ವೆರಿಫೈ ಮಾಡು. ನನ್ನ ಪ್ರಕಾರ ಇದರಲ್ಲಿ ಅರ್ಧಕ್ಕರ್ಧ ಯೋಚನೆ ಮಾಡದೆ ಕೊಡೋ ಸಲಹೆ. ವೆರಿಫೈ ಒಳ್ಳೆಯ ಸಾಧನ, ಅನುಮಾನ ಬೇಡ. ಆದರೆ ಅದು ಯಾವ ಫೈಲ್ ನೋಡುತ್ತೆ, ಯಾವುದನ್ನ ಮುಟ್ಟೋದೇ ಇಲ್ಲ ಅಂತ ಗೊತ್ತಿಲ್ಲದೆ ಹೇಳಿದರೆ, ಕೇಳಿದವನ ಟೈಮ್ ಹಾಳು.

ಮೊದಲು ಅದು ಮಾಡೋ ಕೆಲಸ ನೋಡೋಣ. ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್, Properties, ಅಲ್ಲಿ Installed Files, ಅದರೊಳಗೆ Verify integrity of game files. ಪ್ರತಿ ಗೇಮ್‌ಗೂ ಸ್ಟೀಮ್ ಹತ್ತಿರ ಒಂದು ಪಟ್ಟಿ ಇರುತ್ತೆ, ಅದಕ್ಕೆ ಮ್ಯಾನಿಫೆಸ್ಟ್ ಅಂತಾರೆ. ಯಾವ ಫೈಲ್ ಇರಬೇಕು, ಎಷ್ಟು ಸೈಜ್, ಅದರ ಒಂದೊಂದು ತುಂಡಿಗೂ ಚೆಕ್‌ಸಮ್, ಅಂದರೆ ಒಳಗಿರೋದರಿಂದ ಲೆಕ್ಕ ಹಾಕಿದ ಗುರುತಿನ ನಂಬರ್, ಏನು ಅನ್ನೋದೆಲ್ಲ ಅದರಲ್ಲಿದೆ. ವೆರಿಫೈ ಒತ್ತಿದಾಗ ನಿಮ್ಮ ಡಿಸ್ಕ್‌ನಲ್ಲಿರೋ ಫೈಲ್‌ಗಳನ್ನೆಲ್ಲ ಓದಿ ಆ ಪಟ್ಟಿಗೆ ತಾಳೆ ನೋಡುತ್ತೆ. ತಾಳೆ ಆಗದಿದ್ದದ್ದನ್ನ ಮಾತ್ರ ಮತ್ತೆ ಇಳಿಸಿಕೊಳ್ಳುತ್ತೆ. ಹಾಗಾಗಿ ಮೊಬೈಲ್ ಡೇಟಾದಲ್ಲಿ ಇರೋರು ಹೆದರಬೇಕಾಗಿಲ್ಲ. ಓದೋ ಕೆಲಸಕ್ಕೆ ಡಿಸ್ಕ್ ಸಾಕು, ನೆಟ್ ಖರ್ಚಾಗೋದು ಫೈಲ್ ಕೆಟ್ಟಿದ್ದರೆ ಮಾತ್ರ.

ಶಾಮಿಯಾನ ಅಂಗಡಿಯವರು ಮದುವೆ ಮುಗಿದ ಮೇಲೆ ಪಾತ್ರೆ ಎಣಿಸೋದನ್ನ ನೋಡಿದ್ದೀರಲ್ವಾ? ಅವರ ಚೀಟಿಯಲ್ಲಿ ಬರೆದಿರೋ ಕೊಳಗ, ಸೌಟು ಎಲ್ಲ ಇದ್ದರೆ ಆಯ್ತು. ಕೊಳಗದೊಳಗಿನ ಸಾರು ಹಳಸಿದೆಯಾ ಅಂತ ಅವರು ಕೇಳಲ್ಲ. ಅದು ನಿಮ್ಮನೆ ಸಾರು. ಗೇಮ್‌ನ ಸೇವ್ ಫೈಲ್ ಕೂಡ ಹಾಗೇ. ಅದು ಹುಟ್ಟಿದ್ದು ನಿಮ್ಮ ಕಂಪ್ಯೂಟರ್‌ನಲ್ಲಿ. ಸರಿಯಾದ ಸೇವ್ ಹೇಗಿರಬೇಕು ಅಂತ ಆ ಪಟ್ಟಿಯಲ್ಲಿ ಬರೆದಿಡೋಕೆ ಯಾರಿಗೂ ಸಾಧ್ಯವಿಲ್ಲ.

ಈಗ ಒಂದು ಕೇಸ್ ಹೇಳ್ತೀನಿ. ಸಿರುಗುಪ್ಪದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಸ್ಟಾರ್‌ಡ್ಯೂ ವ್ಯಾಲಿ ಆಡ್ತಾನೆ. ಮನೆ ಸುತ್ತ ನಿಜವಾದ ಭತ್ತದ ಗದ್ದೆ ಇದೆ, ಅತ್ತ ಹೋಗು ಅಂದರೆ ಹೋಗಲ್ಲ, ಕಂಪ್ಯೂಟರ್‌ನಲ್ಲಿ ಮೂಲಂಗಿ ಬೆಳೀತಾನೆ. ಇರಲಿ. ಈ ಗೇಮ್‌ನಲ್ಲಿ ದಿನ ಮುಗಿದು ಮಲಗಿದಾಗ ಸೇವ್ ಆಗುತ್ತೆ. ಮೇ ತಿಂಗಳ ಒಂದು ಸಂಜೆ ಗಾಳಿ ಮಳೆ ಬಂತು, ಇವನು ಮಲಗೋದಕ್ಕೂ ಕರೆಂಟ್ ಹೋಗೋದಕ್ಕೂ ಸರಿಹೋಯ್ತು. ಯುಪಿಎಸ್ ಇಲ್ಲ. ಕರೆಂಟ್ ಬಂದ ಮೇಲೆ ಗೇಮ್ ಚೆನ್ನಾಗಿಯೇ ಓಪನ್ ಆಯ್ತು, ಆದರೆ ಲೋಡ್ ಪಟ್ಟಿಯಲ್ಲಿ ಅವನ ತೋಟವೇ ಇಲ್ಲ. ಫೋನ್ ಮಾಡಿದ: "ಅಣ್ಣ, ವೆರಿಫೈ ಮಾಡ್ದೆ, ಎಲ್ಲಾ ಫೈಲ್ ಸರಿ ಅದಾವ ಅಂತದ. ಮತ್ತ ತೋಟ ಎಲ್ಲಿ ಹೋತು?"

ಸ್ಟೀಮ್ ಸುಳ್ಳು ಹೇಳಿಲ್ಲ. ಅದು ನೋಡಿದ್ದು steamapps ಫೋಲ್ಡರ್‌ನಲ್ಲಿರೋ ಗೇಮ್. ಅವನ ತೋಟ ಇರೋ ಜಾಗವೇ ಬೇರೆ. ವಿಂಡೋಸ್‌ನಲ್ಲಿ ರನ್ ಬಾಕ್ಸ್ ತೆಗೆದು ಇದನ್ನ ಹೊಡೀರಿ:

```
%appdata%\StardewValley\Saves
```

ಅಲ್ಲಿ ತೋಟದ ಹೆಸರು ಮತ್ತು ಒಂದು ನಂಬರ್ ಸೇರಿದ ಫೋಲ್ಡರ್ ಇರುತ್ತೆ. ಇವನದು Tunga_312456789 ಅಂತ ಇಟ್ಕೊಳ್ಳಿ. ಒಳಗೆ ಅದೇ ಹೆಸರಿನ ಒಂದು ಫೈಲ್, ಜೊತೆಗೆ SaveGameInfo. ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ತೆಗೆಯಬಹುದು. ಫೈಲ್ ಸರಿಯಾಗಿದ್ದರೆ ಶುರುವಿನಲ್ಲೇ `<?xml` ಅಂತ ಕಾಣುತ್ತೆ. ಇವನದರಲ್ಲಿ ಬರೀ ಖಾಲಿ ಜಾಗ. ಸೈಜ್ ನೋಡಿದರೆ ಇರಬೇಕಾದಷ್ಟೇ ಇದೆ! ಕರೆಂಟ್ ಹೋದಾಗ ಹೀಗಾಗುತ್ತೆ. ಫೈಲ್ ಇಷ್ಟು ದೊಡ್ಡದು ಅಂತ ವಿಂಡೋಸ್ ಬರೆದುಕೊಂಡಿರುತ್ತೆ, ಒಳಗಿನ ಮಾಹಿತಿ ಇನ್ನೂ ಮೆಮೊರಿಯಲ್ಲೇ ಇರುತ್ತೆ, ಡಿಸ್ಕ್ ತಲುಪಿರಲ್ಲ. ಉಳಿಯೋದು ಸೊನ್ನೆಗಳು.

ಈ ಗೇಮ್ ಮಾಡಿದವರು ಒಂದು ಜಾಣತನ ಮಾಡಿದ್ದಾರೆ. ಹೊಸ ಸೇವ್ ಬರೆಯುವಾಗ ಹಿಂದಿನ ದಿನದ್ದನ್ನ ಹೆಸರಿನ ಕೊನೆಗೆ _old ಸೇರಿಸಿ ಇಟ್ಟಿರುತ್ತೆ. ಹಾಗಾಗಿ ನಾನು ಹೇಳಿದ್ದು ಇಷ್ಟು. ಮೊದಲು ಆ ಇಡೀ ಫೋಲ್ಡರ್ ಡೆಸ್ಕ್‌ಟಾಪ್‌ಗೆ ಕಾಪಿ ಮಾಡು. Properties ಒಳಗೆ General ನಲ್ಲಿ ಸ್ಟೀಮ್ ಕ್ಲೌಡ್ ಸದ್ಯಕ್ಕೆ ಆಫ್ ಮಾಡು. ಆಮೇಲೆ ಖಾಲಿಯಾದ ಎರಡು ಫೈಲ್ ಅಳಿಸಿ, ಉಳಿದ ಎರಡರ ಹೆಸರಿನಿಂದ _old ತೆಗೆ. ತೋಟ ಬಂತು. ಗೇಮ್‌ನೊಳಗಿನ ಒಂದು ದಿನ ಮಾತ್ರ ಹೋಯ್ತು. ಆ _old ಫೈಲೂ ಖಾಲಿ ಇದ್ದಿದ್ದರೆ ಈ ದಾರಿ ಮುಚ್ಚಿದ ಹಾಗೆಯೇ. ಗೇಮ್ ಬದಲಾಯಿಸೋ ಮಾಡ್ ಹಾಕೋಕೆ SMAPI ಅನ್ನೋ ಸಾಧನ ಇಟ್ಟಿರೋರಿಗೆ ಇನ್ನೊಂದು ಅವಕಾಶ ಇದೆ. ಗೇಮ್ ಫೋಲ್ಡರ್‌ನಲ್ಲಿ save-backups ಅಂತ ನೋಡಿ, ಅಲ್ಲಿ ಹಳೆ ಸೇವ್‌ಗಳ ಕಾಪಿ ಇರುತ್ತೆ.

ಕ್ಲೌಡ್ ಯಾಕೆ ಆಫ್ ಮಾಡಿಸಿದೆ? ಸ್ಟೀಮ್ ಕ್ಲೌಡ್ ಗೇಮ್ ಶುರು ಮಾಡುವಾಗ, ಮುಚ್ಚುವಾಗ ನಿಮ್ಮ ಕಂಪ್ಯೂಟರ್, ಸ್ಟೀಮ್ ಸರ್ವರ್ ಎರಡೂ ಕಡೆಯ ಸೇವ್ ಫೈಲ್ ಹೊಂದಿಸುತ್ತೆ. ಇವನು ಗಾಬರಿಯಲ್ಲಿ ಗೇಮ್ ತೆಗೆದು ಮುಚ್ಚಿದ್ದ. ಅಂದರೆ ಆ ಖಾಲಿ ಫೈಲೇ ಮೇಲಕ್ಕೆ ಹೋಗಿರಬಹುದು, ಮುಂದಿನ ಸಲ ಅದೇ ಕೆಳಗಿಳಿದು ನಾವು ಸರಿ ಮಾಡಿದ್ದನ್ನ ಅಳಿಸಬಹುದು. ಸರಿಹೋದ ಮೇಲೆ ಕ್ಲೌಡ್ ಮತ್ತೆ ಆನ್ ಮಾಡಿದಾಗ ಯಾವುದು ಬೇಕು ಅಂತ ಸ್ಟೀಮ್ ಕೇಳಿದರೆ, ಈ ಕಂಪ್ಯೂಟರ್‌ನಲ್ಲಿರೋದೇ ಬೇಕು ಅನ್ನಿ.

ಇದೇ ಲೆಕ್ಕ ಮಾಡ್‌ಗಳಿಗೂ ಬರುತ್ತೆ. Mods ಫೋಲ್ಡರ್ ಗೇಮ್ ಪಕ್ಕದಲ್ಲೇ ಇದ್ದರೂ ಪಟ್ಟಿಯಲ್ಲಿಲ್ಲ, ಆದ್ದರಿಂದ ವೆರಿಫೈ ಅದನ್ನ ತೆಗೆಯಲ್ಲ, ಸರಿನೂ ಮಾಡಲ್ಲ. ಇನ್ನೂ ಮಜಾ ಏನು ಗೊತ್ತಾ, ಅನ್‌ಇನ್‌ಸ್ಟಾಲ್ ಮಾಡಿದರೂ ನೀವು ಹಾಕಿದ ಫೈಲ್ ಅಲ್ಲೇ ಕೂತಿರುತ್ತೆ. "ಪೂರ್ತಿ ತೆಗೆದು ಹಾಕಿದೆ, ಆದರೂ ಕ್ರ್ಯಾಶ್" ಅನ್ನೋರು ಆ ಫೋಲ್ಡರ್‌ನ ಕೈಯಾರೆ ಬೇರೆ ಕಡೆ ಎತ್ತಿಟ್ಟು ನೋಡಿ.

ಇನ್ನು ವೆರಿಫೈ ಕೊಡೋ ಉತ್ತರ. ನನಗೆ ಅದು ಮಾಡೋ ರಿಪೇರಿಗಿಂತ ಈ ಉತ್ತರವೇ ಜಾಸ್ತಿ ಕೆಲಸಕ್ಕೆ ಬರುತ್ತೆ. ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿತ್ತು, ಕೆಲವು ಫೈಲ್ ಕೆಟ್ಟಿವೆ ಅಂತ ಬಂತು, ಇಳಿಸಿಕೊಂಡಿತು, ಮತ್ತೆ ಒತ್ತಿದರೆ ಎಲ್ಲ ಸರಿ. ಅಲ್ಲಿಗೆ ಮುಗೀತು. ಪ್ರತಿ ಸಲವೂ ಒಂದೇ ಒಂದು ಫೈಲ್ failed to validate and will be reacquired ಅಂತ ಬರುತ್ತಾ, ಗೇಮ್ ಮಾತ್ರ ಚೆನ್ನಾಗಿ ನಡೀತಿದೆಯಾ? ಬಿಟ್ಟುಬಿಡಿ. ಅದು ಬಹುತೇಕ ನಿಮ್ಮ ಸೆಟ್ಟಿಂಗ್ಸ್ ಇರೋ ಫೈಲ್, ಗೇಮ್ ತಾನೇ ಬದಲಾಯಿಸಿರುತ್ತೆ, ಪಟ್ಟಿಗೆ ಹೊಂದಲ್ಲ.

ಹೆದರಬೇಕಾದ್ದು ಇನ್ನೊಂದಕ್ಕೆ. ಒಮ್ಮೆ ಒತ್ತಿದರೆ ನಾಲ್ಕು ಫೈಲ್ ಕೆಟ್ಟಿವೆ ಅನ್ನುತ್ತೆ. ಇಳಿಸಿತು. ಗೇಮ್ ಆಡದೆ ಮತ್ತೆ ಒತ್ತಿದರೆ ಏಳು, ಇನ್ನೊಮ್ಮೆ ಎರಡು. ಇಲ್ಲಿ ಗೇಮ್‌ನ ತಪ್ಪಿರೋದು ಅಪರೂಪ. ಓದುವಾಗಲೋ ಬರೆಯುವಾಗಲೋ ಬಿಟ್ ಬದಲಾಗ್ತಿದೆ, ಅಂದರೆ ರ‍್ಯಾಮ್ ಅಥವಾ ಡಿಸ್ಕ್ ಮೇಲೆ ಅನುಮಾನ. ಮತ್ತೆ ಮತ್ತೆ ವೆರಿಫೈ ಮಾಡಿ ಡೇಟಾ ಸುಡಬೇಡಿ. ರ‍್ಯಾಮ್ ವೇಗ ಹೆಚ್ಚಿಸೋ ಓವರ್‌ಕ್ಲಾಕ್ ಅಥವಾ ಎಕ್ಸ್‌ಎಂಪಿ ಸೆಟ್ಟಿಂಗ್ ಬಯಾಸ್‌ನಲ್ಲಿ ಆನ್ ಇದ್ದರೆ ಆಫ್ ಮಾಡಿ. ಪೆನ್‌ಡ್ರೈವ್‌ಗೆ ಮೆಮೊರಿ ಪರೀಕ್ಷಿಸೋ MemTest86 ಹಾಕಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದರೂ ಸುಮ್ನೆ ಬಿಡಬೇಡಿ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಸಿಕ್ಕರೆ ಬಿಲ್ ಹುಡುಕಿ, ವಾರಂಟಿ ಇರಬಹುದು.

ಕಾಮೆಂಟ್‌ನಲ್ಲಿ ಗೇಮ್ ಸಮಸ್ಯೆ ಕೇಳೋರು ದಯವಿಟ್ಟು ಮೂರು ವಿಷಯ ಬರೀರಿ: ಯಾವ ಗೇಮ್, ಮಾಡ್ ಇದೆಯಾ, ವೆರಿಫೈ ಮಾಡಿದಾಗ ಎಷ್ಟು ಫೈಲ್ ಕೆಟ್ಟಿವೆ ಅಂತ ಬಂತು. "ವೆರಿಫೈ ಮಾಡಿದೆ ಬ್ರೋ, ಆಗ್ತಿಲ್ಲ" ಅಂತ ಅಷ್ಟೇ ಬರೆದರೆ ನಾನೂ "ಮತ್ತೊಮ್ಮೆ ಮಾಡು" ಅಂತ ಹೇಳಬೇಕಾಗುತ್ತೆ.