ಚಿತ್ರ ಹಾಗೇ ಇರಲಿ, ಕ್ರಿಯಾಪದ ಬದಲಾಗಲಿ

ಕೇಳುಗ ಮಿತ್ರರಿಗೆಲ್ಲ ನಮಸ್ಕಾರ.

ಕವಿತೆ ಬರೆಯುವ ಹುಡುಗ ಹುಡುಗಿಯರು, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳು, ಮನೆಗೆಲಸದ ನಡುವೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚಿಡುವ ತಾಯಂದಿರು, ಇಂಥವರು ಈಗ ರೇಡಿಯೋ ಹಾಕಿಕೊಂಡಿದ್ದಾರೆ ಅಂದುಕೊಂಡು ಮಾತಾಡುತ್ತೇನೆ. ಇವತ್ತಿನ ವಿಷಯ ಇಷ್ಟೇ. ದುಃಖದ ಒಂದು ಸಾಲಿದೆ, ಅದನ್ನು ಆಸೆಯ ಸಾಲಾಗಿ ತಿರುಗಿಸಬೇಕು, ಆದರೆ ಅದರೊಳಗಿನ ಚಿತ್ರ ಕೆಡಬಾರದು. ಹೇಗೆ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಚಿತ್ರವನ್ನು ಮುಟ್ಟಬೇಡಿ, ಕ್ರಿಯಾಪದವನ್ನು ಮುಟ್ಟಿ. ನಮ್ಮ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿಯ ತನಕ ಹೇಳಿದ್ದೆಲ್ಲ ಯಾವ ಕಡೆಗೆ ವಾಲಬೇಕು ಅನ್ನುವುದನ್ನು ಆ ಕೊನೆಯ ಮಾತೇ ತೀರ್ಮಾನಿಸುತ್ತದೆ. ‘ಮುರಿದ ದೋಣಿ ದಡದಲ್ಲಿ ಬಿದ್ದಿದೆ’ ಅನ್ನಿ, ಒಂದು ಭಾವ. ‘ಮುರಿದ ದೋಣಿ ದಡಕ್ಕೆ ಬಂದಿದೆ’ ಅನ್ನಿ, ಇನ್ನೊಂದು. ದೋಣಿ ಅದೇ, ದಡ ಅದೇ, ಮುರಿದದ್ದೂ ಮುರಿದೇ ಇದೆ. ನಾನು ಅದನ್ನು ರಿಪೇರಿ ಮಾಡಲಿಲ್ಲ, ಬಣ್ಣ ಹೊಡೆಯಲಿಲ್ಲ. ಬದಲಾದದ್ದು ಕ್ರಿಯಾಪದ, ಅದರ ಜೊತೆಗೆ ಒಂದು ವಿಭಕ್ತಿ ಪ್ರತ್ಯಯ.

ಈಗ ನಿಮಗೆಲ್ಲ ಬಾಯಿಪಾಠವಿರುವ ಗೋವಿನ ಹಾಡಿಗೆ ಬರೋಣ. ಪುಣ್ಯಕೋಟಿ ಹುಲಿಗೆ ಭಾಷೆ ಕೊಟ್ಟು ದೊಡ್ಡಿಗೆ ಬಂದಿದ್ದಾಳೆ. ಕರುವಿಗೆ ವಿಷಯ ತಿಳಿಸಿದ್ದಾಳೆ. ಕರು ಕೇಳುತ್ತದೆ:

ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರು ನನಗೆ ಹಿತವರು

ಈ ನಾಲ್ಕು ಸಾಲಿನಲ್ಲಿ ಅಳು ಬರಿಸುವುದು ಯಾವುದು, ಸ್ವಲ್ಪ ಬಿಡಿಸಿ ನೋಡಿ. ಮೊಲೆ ಕುಡಿಯುವುದು ದುಃಖದ ಚಿತ್ರವೇ? ಅಲ್ಲ. ಕೂಡಿ ಬದುಕುವುದು? ಅಲ್ಲ. ಬೆಚ್ಚಗೆ ಪಕ್ಕದಲ್ಲಿ ಮಲಗುವುದು? ಕರುವಿಗೆ ಅದಕ್ಕಿಂತ ಸುಖ ಬೇರೆ ಉಂಟೇ? ಇಲ್ಲಿರುವ ಚಿತ್ರಗಳೆಲ್ಲ ಸುಖದವು. ದುಃಖ ಇರುವುದು ಮೊದಲಿನ ‘ಆರ’ ಅನ್ನುವ ಪ್ರಶ್ನೆಯಲ್ಲಿ, ಕೊನೆಯ ‘ಕುಡಿಯಲಮ್ಮ, ಬದುಕಲಮ್ಮ, ಮಲಗಲಮ್ಮ’ ಅನ್ನುವ ದಿಕ್ಕುಗಾಣದ ಕ್ರಿಯಾಪದಗಳಲ್ಲಿ. ಅಂದಮೇಲೆ ಕೈ ಹಾಕಬೇಕಾದದ್ದು ಆ ಎರಡು ತುದಿಗಳಿಗೆ. ನಡುವಿನ ಮೊಲೆ, ಬಳಿ, ಮಲಗುವುದು, ಇವುಗಳ ತಂಟೆಗೆ ಹೋಗಬಾರದು.

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಇದೇ ಪದ್ಯವನ್ನು ಕೊಟ್ಟು, ‘ಕರುವಿಗೆ ಒಂದಿಷ್ಟು ಆಸೆ ಹುಟ್ಟುವ ಹಾಗೆ ತಿದ್ದಿ’ ಅಂದೆ. ಮೊದಲು ಎದ್ದ ಹುಡುಗ ಓದಿದ: ‘ಹೂವಿನ ಹಾಸಿಗೆಯಲಿ ಮಲಗುವೆನಮ್ಮ.’ ತರಗತಿ ಚಪ್ಪಾಳೆ ತಟ್ಟಿತು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ದೊಡ್ಡಿಯಲ್ಲಿ ಹೂವಿನ ಹಾಸಿಗೆ ಎಲ್ಲಿಂದ ಬಂತಪ್ಪ? ದೊಡ್ಡಿಯಲ್ಲಿರುವುದು ಸಗಣಿ, ಗಂಜಲ, ಒಣಹುಲ್ಲು. ಆಸೆ ಅಂದ ಕೂಡಲೇ ಹೂವು, ಸೂರ್ಯೋದಯ, ಕಾಮನಬಿಲ್ಲು ಎಳೆದು ತರುವ ಚಾಳಿ ದೊಡ್ಡ ಕವಿಗಳಿಗೂ ಇದೆ, ಹುಡುಗನನ್ನು ಬೈದು ಏನು ಪ್ರಯೋಜನ. ಅವನು ಕ್ರಿಯಾಪದ ತಿದ್ದಿದ್ದ, ಸರಿ. ಜೊತೆಗೆ ಚಿತ್ರವನ್ನೂ ಹೊಸದಾಗಿ ತಂದಿದ್ದ. ಆಗ ಉಳಿಯುವುದು ಆ ಕರುವಿನ ಮಾತಲ್ಲ, ಯಾವ ಪದ್ಯಕ್ಕೆ ಅಂಟಿಸಿದರೂ ಅಂಟುವ ಒಂದು ಸಾಲು. ಹಾಡಿಸಿ ನೋಡಿದೆ, ರಾಗವೂ ಕೂಡಲಿಲ್ಲ. ಹಾಡಿನ ನಡೆ 3 ಮಾತ್ರೆ, 4 ಮಾತ್ರೆ. ‘ಆರ’ 3, ‘ಮೊಲೆಯನು’ 4. ‘ಹೂವಿನ’ ಅಂತ 4ರಿಂದ ಶುರುಮಾಡಿದರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ.

ಎರಡನೆಯವನು ಇನ್ನೂ ಧೀರ. ಹುಲಿಯನ್ನೇ ಕೊಂದುಬಿಟ್ಟ. ‘ಹುಲಿಯು ಸತ್ತಿತು, ಅಳಬೇಡಮ್ಮ.’ ಅದು ಕಥೆ ಬದಲಾಯಿಸಿದ ಹಾಗಾಯಿತು, ಸಾಲು ತಿದ್ದಿದ ಹಾಗಲ್ಲ. ದುಃಖದ ಕಾರಣವನ್ನೇ ಅಳಿಸಿಹಾಕಿದರೆ ಆಸೆಗೆ ಕೆಲಸವೇನು?

ಮೂರನೆಯ ಹುಡುಗಿ ಹತ್ತಿರ ಬಂದಳು. ಕೊನೆಯ ಸಾಲನ್ನು ‘ಎಲ್ಲ ನನಗೆ ಹಿತವರು’ ಅಂತ ಮಾಡಿದ್ದಳು. ಮಾತ್ರೆ ಸರಿಯಾಗಿದೆ, ‘ಎಲ್ಲ’ ಕೂಡ 3. ಚಿತ್ರವೂ ಕೆಟ್ಟಿಲ್ಲ. ಆದರೆ ಕೇಳಿದರೆ ನಂಬಿಕೆ ಬರುವುದಿಲ್ಲ. ತಾಯಿ ಸಾಯಲು ಹೊರಟಾಗ ‘ಎಲ್ಲರೂ ನನ್ನವರೇ’ ಅನ್ನುವ ಕರು ಭಾಷಣ ಮಾಡುತ್ತಿದೆ ಅನ್ನಿಸುತ್ತದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು, ‘ಎಲ್ಲಾ ಹಿತವರು ಅಂದ್ರೆ ಸುಳ್ಳು ಸಾರ್. ಬೇರೆ ಹಸ ಮೊಲೆ ಕುಡಿಯಕ್ಕೆ ಬಿಡಲ್ಲ, ಒದೀತವೆ.’ ಮನೆಯಲ್ಲಿ ದನ ಕಟ್ಟಿದವರ ಮಗಳು. ‘ಮತ್ತೇನು ಬಿಡ್ತವೆ?’ ಅಂದೆ. ಸ್ವಲ್ಪ ಯೋಚಿಸಿ, ‘ಮಗ್ಗುಲಲ್ಲಿ ಮಲಗಿದ್ರೆ ಏನೂ ಮಾಡಲ್ಲ ಸಾರ್’ ಅಂದಳು.

ಆ ಮಾತು ಕೇಳಿ ನಾನು ಸೀಮೆಸುಣ್ಣ ಕೆಳಗಿಟ್ಟೆ. ಆಸೆ ಎಲ್ಲಿಂದ ಹುಟ್ಟಬೇಕು ಅನ್ನುವುದನ್ನು ಅವಳು ತೋರಿಸಿಕೊಟ್ಟಿದ್ದಳು. ನಾಲ್ಕು ಸಾಲನ್ನೂ ತಿದ್ದಬೇಕಿಲ್ಲ. ಹಸು ತನ್ನದಲ್ಲದ ಕರುವನ್ನು ಮೂಸಿ ಗುರುತಿಸಿ ಒದೆಯುತ್ತದೆ, ಆದ್ದರಿಂದ ಮೊಲೆಯ ಸಾಲು ಪ್ರಶ್ನೆಯಾಗಿಯೇ ಇರಲಿ. ಬದುಕಿನ ಸಾಲೂ ಪ್ರಶ್ನೆಯಾಗಿಯೇ ಇರಲಿ. ಮಲಗುವ ಸಾಲಿನಲ್ಲಿ ಮಾತ್ರ ನಿಜವಾಗಿ ಒಂದು ಬಾಗಿಲು ತೆರೆದಿದೆ. ಅಲ್ಲಿ ಕ್ರಿಯಾಪದ ತಿರುಗಿಸೋಣ. ಯಾವ ರೂಪಕ್ಕೆ? ‘ಮಲಗುವೆನು’ ಅಂದರೆ ಅದು ಖಚಿತವಾದ ಮಾತು, ಆ ಮರಿಗೆ ಅಷ್ಟು ಧೈರ್ಯ ಎಲ್ಲಿಯದು. ಕನ್ನಡದಲ್ಲಿ ಸಂಭಾವನಾರ್ಥಕ ರೂಪ ಇದೆ, ಶಾಲೆಯ ವ್ಯಾಕರಣದಲ್ಲಿ ಓದಿದ್ದೀರಿ: ಬಂದಾರು, ಕೊಟ್ಟಾರು, ಮಳೆ ಬಂದೀತು. ಆದರೂ ಆಗಬಹುದು ಅನ್ನುವ ಅರ್ಥ. ಆಸೆಗೆಂದೇ ಮಾಡಿಟ್ಟ ಕ್ರಿಯಾಪದ ಅದು, ಯಾಕೋ ನಮ್ಮ ಹೊಸ ಬರಹಗಾರರು ಅದನ್ನು ಮರೆತೇಬಿಟ್ಟಿದ್ದಾರೆ. ಹಾಗೆಯೇ ಮುಂದಿನ ತುದಿಯ ‘ಆರ’ ಪ್ರಶ್ನೆಗೆ ಒಂದು ‘ಒ’ ಸೇರಿಸಿದರೆ ‘ಆರೊ’ ಆಗುತ್ತದೆ. ಯಾರು ಅನ್ನುವ ಪ್ರಶ್ನೆ ಹೋಗಿ ಯಾರೋ ಒಬ್ಬರು ಇದ್ದಾರೆ ಅನ್ನುವ ಸೂಚನೆ ಬರುತ್ತದೆ. ‘ಆರ’ ಅಂದರೂ 3 ಮಾತ್ರೆ, ‘ಆರೊ’ ಅಂದರೂ 3. ಎಲ್ಲರೂ ಸೇರಿ ಕಟ್ಟಿದ್ದು ಇದು:

ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರೊ ಬಳಿಯಲಿ ಮಲಗಿಸ್ಯಾರು
ಆರೊ ಒಬ್ಬರು ಹಿತವರು

ಹಾಡಿಕೊಂಡು ನೋಡಿ, ಎಲ್ಲೂ ತಡೆಯುವುದಿಲ್ಲ. ಹೂವು ಬರಲಿಲ್ಲ, ಹುಲಿ ಸಾಯಲಿಲ್ಲ. ಮೊಲೆ, ಬಳಿ, ಮಲಗುವುದು ಎಲ್ಲವೂ ಇದ್ದಲ್ಲೇ ಇವೆ. ಮೊದಲೆರಡು ಸಾಲಿನ ಅಳು ಉಳಿದಿರುವುದರಿಂದಲೇ ಮೂರನೆಯ ಸಾಲಿನ ಆಸೆ ಕಿವಿಗೆ ಬೀಳುತ್ತದೆ. ನಾಲ್ಕೂ ಸಾಲನ್ನು ಸಿಹಿ ಮಾಡಿದ್ದರೆ ಯಾವುದೂ ಕೇಳಿಸುತ್ತಿರಲಿಲ್ಲ. ಮತ್ತೆ ಹೇಳುತ್ತೇನೆ: ಚಿತ್ರ ಮುಟ್ಟಬೇಡಿ, ಕ್ರಿಯಾಪದ ಮುಟ್ಟಿ.

ಅರೆ, ಗಾಜಿನ ಆಚೆಯಿಂದ ಕೈಸನ್ನೆ ಆಗಲೇ ಬಂತು. ಈ ಪ್ರಸಂಗ ಹೇಳುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇದು ನಾವು ಕಂಡುಹಿಡಿದ ಉಪಾಯವಲ್ಲ, ಹಾಡಿನಲ್ಲೇ ಇದೆ. ಕರುವಿನ ಪ್ರಶ್ನೆಗಳಾದ ಮೇಲೆ ಪುಣ್ಯಕೋಟಿ ಮಂದೆಯ ಹಸುಗಳ ಕಡೆಗೆ ತಿರುಗಿ ಏನನ್ನುತ್ತಾಳೆ?

ಮುಂದೆ ಬಂದರೆ ಹಾಯದಿರಿ
ಹಿಂದೆ ಬಂದರೆ ಒದೆಯದಿರಿ
ನಿಮ್ಮ ಕಂದನೆಂದು ಕಾಣಿರಿ
ತಬ್ಬಲಿಯನೀ ಕರುವನು

ಹಿಂದಿನ ಬೆಂಚಿನ ಹುಡುಗಿಗೆ ಗೊತ್ತಿದ್ದ ಒದೆತ ಈ ಹಾಡು ಕಟ್ಟಿದವರಿಗೂ ಗೊತ್ತಿತ್ತು. ಮಂದೆ ಅದೇ, ಕರು ಅದೇ, ಹಾಯುವ ಕೊಂಬು ಒದೆಯುವ ಕಾಲು ಎಲ್ಲ ಅದೇ. ಕರುವಿನ ಬಾಯಲ್ಲಿ ಪ್ರಶ್ನೆಯಾಗಿದ್ದ ಕ್ರಿಯಾಪದ ತಾಯಿಯ ಬಾಯಲ್ಲಿ ಬೇಡಿಕೆಯಾಯಿತು: ಹಾಯದಿರಿ, ಒದೆಯದಿರಿ, ಕಾಣಿರಿ. ಬೇಡಿಕೊಳ್ಳುವವರಿಗೆ ಕೊಡುವವರು ಇದ್ದಾರೆ ಅನ್ನುವ ಆಸೆ ಇದ್ದೇ ಇರುತ್ತದೆ. ಇಷ್ಟಾದರೂ ‘ತಬ್ಬಲಿ’ ಅನ್ನುವ ಮಾತನ್ನು ಅವಳು ಬಿಟ್ಟುಕೊಡಲಿಲ್ಲ. ಅದನ್ನು ಮುಚ್ಚಿಟ್ಟು ‘ಮುದ್ದು ಕರು’ ಅಂದಿದ್ದರೆ ಪದ್ಯ ಕುಸಿಯುತ್ತಿತ್ತು.

ಇನ್ನೊಂದು, ಮಾತಿನ ಸರದಿ. ಕೆಲವು ಕಡೆ ಕ್ರಿಯಾಪದವನ್ನೂ ತಿದ್ದಬೇಕಿಲ್ಲ, ಅದರ ಜಾಗ ಬದಲಿಸಿದರೆ ಸಾಕು. ‘ಕರು ಉಳಿಯಿತು, ತಾಯಿ ಹೋದಳು.’ ‘ತಾಯಿ ಹೋದಳು, ಕರು ಉಳಿಯಿತು.’ ಒಂದಕ್ಷರವೂ ಬದಲಾಗಿಲ್ಲ. ಕೊನೆಗೆ ಯಾವ ಕ್ರಿಯಾಪದ ನಿಂತಿತೋ ಕೇಳಿದವನು ಅದನ್ನೇ ಹಿಡಿದುಕೊಂಡು ಹೋಗುತ್ತಾನೆ.

ಸಾಲು ಕೆಟ್ಟಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ ಅಂದರೆ, ಹಳೆಯ ಸಾಲನ್ನೂ ಹೊಸ ಸಾಲನ್ನೂ ಒಂದರ ಕೆಳಗೊಂದು ಬರೆದುಕೊಂಡು ಎರಡರಲ್ಲೂ ಇರುವ ನಾಮಪದಗಳಿಗೆ ಗೀಟು ಹಾಕಿ. ಹೊಸ ಸಾಲಿನಲ್ಲಿ ಒಂದು ನಾಮಪದ ಹೆಚ್ಚಿಗೆ ಬಂದಿದ್ದರೆ, ಅದು ಬೆಳಕೋ ಹೂವೋ ಆಗಿದ್ದರಂತೂ, ಹೊಡೆದುಹಾಕಿ. ಅನುಮಾನವೇ ಬೇಡ.

ಒಂದು ಸಾಲು ಕೊಟ್ಟು ಹೊರಡುತ್ತೇನೆ: ‘ಅಜ್ಜಿಯ ಮಗ್ಗದಲ್ಲಿ ಅರ್ಧ ಸೀರೆ ನಿಂತುಹೋಗಿದೆ.’ ಅಜ್ಜಿಯನ್ನು ಬದುಕಿಸಬೇಡಿ, ಸೀರೆಯನ್ನು ಪೂರ್ತಿ ಮಾಡಬೇಡಿ, ದಯವಿಟ್ಟು ಕಿಟಕಿಯಿಂದ ಬಿಸಿಲು ತರಬೇಡಿ. ‘ನಿಂತುಹೋಗಿದೆ’ ಅನ್ನುವುದೊಂದನ್ನು ತಿದ್ದಿ ಬಾನುಲಿ ನಿಲಯದ ವಿಳಾಸಕ್ಕೆ ಕಾರ್ಡಿನಲ್ಲಿ ಬರೆದು ಕಳಿಸಿ, ಓದುತ್ತೇನೆ. ನಮಸ್ಕಾರ.