ಛೇದ ಯಾವುದು? ತರಗತಿಯಿಂದ ಡೇಟಾ ಅನಾಲಿಟಿಕ್ಸ್‌ಗೆ ಹೊರಟ ಮೇಷ್ಟ್ರ ಮಾತು

ಎಲ್ಲರಿಗೂ ನಮಸ್ಕಾರ. ಪಾಠ ಬಿಟ್ಟು ಡೇಟಾ ಕೆಲಸಕ್ಕೆ ಹೋಗೋದು ಹೇಗೆ ಅಂತ ಮಾತಾಡಿ ಎಂದು ಕರೆದಿದ್ದೀರಿ. ಅಷ್ಟು ದೊಡ್ಡ ವಿಷಯವನ್ನು ನಾನು ಎತ್ತಿಕೊಳ್ಳುವುದಿಲ್ಲ. ಯಾವ ಕೋರ್ಸ್ ಮಾಡಬೇಕು, ಯಾವ ಸರ್ಟಿಫಿಕೇಟ್ ತಗೋಬೇಕು ಅನ್ನೋದು ನಿಮಗೆ ಗೊತ್ತಿರುತ್ತದೆ. ಇಲ್ಲಿ ಕೂತಿರುವ ಎಷ್ಟೋ ಜನ ನನಗೆ ನಿಮ್ಮ ರೆಸ್ಯೂಮೆ ಕಳಿಸಿದ್ದಿರಿ, ಎಲ್ಲವನ್ನೂ ಓದಿದೆ. ಆ ಓದೇ ಇವತ್ತಿನ ಮಾತಿಗೆ ಕಾರಣ.

ಹೆಚ್ಚುಕಮ್ಮಿ ಎಲ್ಲರೂ ಒಂದೇ ಥರ ಬರೆದಿದ್ದೀರಿ. 'ಉತ್ತಮ ಸಂವಹನ ಕೌಶಲ.' 'ತಾಳ್ಮೆ.' 'ವಿದ್ಯಾರ್ಥಿಗಳ ಸಾಧನೆಯನ್ನು ವಿಶ್ಲೇಷಿಸಿದ ಅನುಭವ.' ಸುಳ್ಳೇನೂ ಇಲ್ಲ. ಆದರೆ ಇದನ್ನು ಓದುವ ಮ್ಯಾನೇಜರ್‌ಗೆ ಏನೂ ತಿಳಿಯುವುದಿಲ್ಲ. ನೀವು ವರ್ಷಗಟ್ಟಲೆ ಮಾಡಿದ ಒಂದು ಕೆಲಸ ಅವರಿಗೆ ನಿಜಕ್ಕೂ ಬೇಕು, ಅದು ಮಾತ್ರ ನಿಮ್ಮ ಹಾಳೆಯಲ್ಲಿ ಎಲ್ಲೂ ಇಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು.

ಮ್ಯಾನೇಜರ್‌ಗೆ ಏನು ಬೇಕು? ಅವರ ಜಾಗದಲ್ಲಿ ಕೂತು ನೋಡಿ. ವಾರದ ಸಭೆ ಇದೆ. ಮೇಲಿನವರು ಕೇಳುತ್ತಾರೆ: 'ಸರಾಸರಿ ಇಳಿದಿದೆಯಲ್ಲ, ಯಾಕೆ?' ಉತ್ತರ ನೋಡಿಕೊಂಡು ಅವರು ಏನಾದರೂ ನಿರ್ಧಾರ ಮಾಡುತ್ತಾರೆ. ಜಾಹೀರಾತು ನಿಲ್ಲಿಸಬಹುದು, ಒಂದು ಯೋಜನೆ ಕೈಬಿಡಬಹುದು. ಲೆಕ್ಕ ತಪ್ಪಾದರೆ ನಿರ್ಧಾರವೂ ತಪ್ಪು. ಹಾಗಾಗಿ ಆ ಮ್ಯಾನೇಜರ್ ಹುಡುಕುತ್ತಿರೋದು ಅಂಕಿ ಕೊಡುವ ಮೊದಲು 'ಇದನ್ನು ಯಾವುದರಿಂದ ಭಾಗಿಸಿದ್ದೀರಿ?' ಅಂತ ಕೇಳುವ ಮನುಷ್ಯನನ್ನು. ಛೇದ ಯಾವುದು? ಇವತ್ತು ಈ ಪ್ರಶ್ನೆಯನ್ನು ನನ್ನ ಬಾಯಲ್ಲಿ ಪದೇಪದೇ ಕೇಳುತ್ತೀರಿ, ಸಹಿಸಿಕೊಳ್ಳಿ.

ನನ್ನ ಸಂದರ್ಶನದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ವಿಷಯ ಇರೋದು ಇದರಲ್ಲೇ.

ಎದುರಿಗೆ ಕೂತಿದ್ದ ಮೇಡಂ ನನ್ನ ರೆಸ್ಯೂಮೆ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಹಾಕಿದರು. 'ನಮ್ಮಲ್ಲಿ ಒಬ್ಬ ಗ್ರಾಹಕ ತಿಂಗಳಿಗೆ ಸರಾಸರಿ ಎಷ್ಟು ಖರ್ಚು ಮಾಡ್ತಾನೆ ಅಂತ ನೋಡ್ತೀವಿ. ಕಳೆದ ವರ್ಷಕ್ಕಿಂತ ಇಳಿದಿದೆ. ಏನು ಮಾಡ್ತೀರಿ?' ನಾನು ಕೇಳಿದೆ, 'ಮೇಡಂ, ಈ ವರ್ಷ ಹೊಸ ಗ್ರಾಹಕರು ಜಾಸ್ತಿ ಬಂದಿದ್ದಾರಾ?' ಅವರು ಪೆನ್ ಕೆಳಗಿಟ್ಟರು. 'ಅದನ್ನ ಯಾಕೆ ಕೇಳಿದಿರಿ?'

ಒಂದು ಹಾಳೆ ಕೇಳಿ ಪಡೆದು ಅದರ ಮೇಲೆ ಎರಡು ತರಗತಿ ಬರೆದೆ. ನೀವೂ ಬರೆದುಕೊಳ್ಳಿ, ಮನಸ್ಸಲ್ಲೇ ಮಾಡಿದರೂ ಆಗುತ್ತದೆ. ಕಳೆದ ವರ್ಷ ಎ ವಿಭಾಗದಲ್ಲಿ 40 ಮಕ್ಕಳು, ಸರಾಸರಿ 70. ಬಿ ವಿಭಾಗದಲ್ಲಿ 20 ಮಕ್ಕಳು, ಸರಾಸರಿ 50. ಒಟ್ಟು ಅಂಕ 2800 ಕೂಡಿಸು 1000, ಅಂದರೆ 3800. 60 ಮಕ್ಕಳಿಂದ ಭಾಗಿಸಿದರೆ 63ಕ್ಕೆ ಸ್ವಲ್ಪ ಮೇಲೆ. ಈ ವರ್ಷ ಎ ವಿಭಾಗದಲ್ಲಿ ಅದೇ 40 ಮಕ್ಕಳು, ಸರಾಸರಿ 72 ಆಯಿತು. ಬಿ ವಿಭಾಗಕ್ಕೆ ಹೊಸ ಸೇರ್ಪಡೆ ಜಾಸ್ತಿ, 60 ಮಕ್ಕಳು, ಸರಾಸರಿ 54. ಎರಡೂ ವಿಭಾಗ ಮೇಲೇರಿವೆ, ಸರಿನಾ? ಈಗ ಒಟ್ಟು ಮಾಡಿ. 2880 ಕೂಡಿಸು 3240, ಅಂದರೆ 6120. ಮಕ್ಕಳು 100. ಶಾಲೆಯ ಸರಾಸರಿ 61.2.

ಎರಡೂ ವಿಭಾಗ ಏರಿದವು, ಶಾಲೆ ಇಳಿಯಿತು! ಆ ವರ್ಷದ ಸ್ಟಾಫ್ ಮೀಟಿಂಗ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಗ್ತಾ ಇದ್ದೀರಿ, ಅಂದರೆ ಅಂಥ ಮೀಟಿಂಗಲ್ಲಿ ಕೂತು ಬಂದಿದ್ದೀರಿ.

ಆದದ್ದಿಷ್ಟೇ. ಕಡಿಮೆ ಅಂಕದ ಗುಂಪು ದೊಡ್ಡದಾಯಿತು. ಮುಂಚೆ ಬಿ ವಿಭಾಗ ಮೂರನೇ ಒಂದು ಪಾಲು ಇತ್ತು, ಈಗ ಅರ್ಧಕ್ಕಿಂತ ಜಾಸ್ತಿ. ಪಾಠ ಕೆಟ್ಟಿಲ್ಲ, ಮಿಶ್ರಣ ಬದಲಾಗಿದೆ. ಇದನ್ನು ಪರೀಕ್ಷಿಸೋದು ಹೇಗೆ? ಈ ವರ್ಷದ ಸರಾಸರಿಗಳನ್ನು ಕಳೆದ ವರ್ಷದ ಮಕ್ಕಳ ಸಂಖ್ಯೆಗೆ ಹಾಕಿ ನೋಡಬೇಕು. 40 ಮಕ್ಕಳಿಗೆ 72, 20 ಮಕ್ಕಳಿಗೆ 54. ಒಟ್ಟು 3960, ಭಾಗಿಸು 60, ಬಂತು 66. ಮಿಶ್ರಣ ಬದಲಾಗದಿದ್ದರೆ ಸರಾಸರಿ 63ರಿಂದ 66ಕ್ಕೆ ಏರುತ್ತಿತ್ತು. ಸಂಖ್ಯಾಶಾಸ್ತ್ರದವರು ಇದನ್ನು ಸಿಂಪ್ಸನ್ ವಿರೋಧಾಭಾಸದ ಸಾಲಿಗೆ ಸೇರಿಸುತ್ತಾರೆ. ಎಡ್ವರ್ಡ್ ಸಿಂಪ್ಸನ್ ಇದರ ಬಗ್ಗೆ ಬರೆದದ್ದು 1951ರಲ್ಲಿ. ಹೆಸರು ಗೊತ್ತಿಲ್ಲದೆಯೂ ನಾವು ಪ್ರತಿ ವರ್ಷ ಫಲಿತಾಂಶ ಬಂದ ದಿನ ಇದರ ಜೊತೆ ಗುದ್ದಾಡಿದ್ದೇವೆ.

ಮೇಡಂಗೆ ಹೇಳಿದೆ: 'ಎ ವಿಭಾಗ ನಿಮ್ಮ ಹಳೇ ಗ್ರಾಹಕರು, ಬಿ ವಿಭಾಗ ಹೊಸಬರು. ಮೊದಲು ಇಬ್ಬರನ್ನೂ ಬೇರೆ ಮಾಡಿ ನೋಡೋಣ. ಇಬ್ಬರ ಖರ್ಚೂ ಇಳಿದಿದ್ದರೆ ನಿಜವಾದ ತೊಂದರೆ ಇದೆ. ಇಬ್ಬರದ್ದೂ ಏರಿ ಒಟ್ಟಾರೆ ಸರಾಸರಿ ಮಾತ್ರ ಇಳಿದಿದ್ದರೆ, ಹೊಸಬರು ಜಾಸ್ತಿ ಬಂದಿದ್ದಾರೆ ಅಷ್ಟೇ. ಆಗ ಹೊಸಬರನ್ನು ತರುತ್ತಿರುವ ಜಾಹೀರಾತನ್ನು ಅವಸರದಲ್ಲಿ ನಿಲ್ಲಿಸಬಾರದು.' ಅದಾದ ಮೇಲೆ ಅವರು ರೆಸ್ಯೂಮೆ ಕಡೆ ನೋಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ತಮ್ಮ ಶೀಟ್ ತೋರಿಸಿದರು. ಉಳಿದ ಹೊತ್ತೆಲ್ಲ ಇಬ್ಬರೂ ಸೇರಿ ಅದನ್ನೇ ನೋಡಿದೆವು.

ಇಲ್ಲೊಂದು ಎಚ್ಚರಿಕೆ ಇದೆ. ಗುಂಪು ಮಾಡುವುದಕ್ಕೆ ಕೊನೆಯಿಲ್ಲ. ವಯಸ್ಸು, ಊರು, ವಾರದ ದಿನ ಅಂತ ಒಡೆಯುತ್ತಾ ಹೋದರೆ ನಮಗೆ ಬೇಕಾದ ಕಥೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಯಾವ ಗುಂಪು, ಯಾಕೆ ಅನ್ನೋದನ್ನು ಅಂಕಿ ನೋಡುವ ಮೊದಲೇ ಹೇಳಬೇಕು. ನಾನು 'ಹೊಸ ಗ್ರಾಹಕರು' ಅಂದದ್ದು ಶೀಟ್ ನೋಡುವ ಮೊದಲು. ಆ ಮೇಡಂ ಗಮನಿಸಿದ್ದು ಅದನ್ನೇ ಅಂತ ನನ್ನ ನಂಬಿಕೆ.

ಸರಿ, ಇನ್ನು ಗೈರುಹಾಜರಿಯ ವಿಷಯ. ಇದು ಚಿಕ್ಕದು, ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಎದುರಾಗುವಂಥದ್ದು. 50 ಮಕ್ಕಳ ತರಗತಿ, 5 ಜನ ಪರೀಕ್ಷೆಗೆ ಬಂದಿಲ್ಲ. ಒಟ್ಟು ಅಂಕ 2700. ಬರೆದವರ ಸರಾಸರಿ 60. ಬರದವರಿಗೆ ಸೊನ್ನೆ ಹಾಕಿದರೆ ಸರಾಸರಿ 54. ಛೇದ ಯಾವುದು? 45ಓ 50ಓ? ಪಾಠ ಹೇಗೆ ತಲುಪಿದೆ ಅಂತ ಕೇಳಿದರೆ 45. ದಾಖಲಾದವರಲ್ಲಿ ಎಷ್ಟು ಮಂದಿ ಪಾಸಾದರು ಅಂತ ಕೇಳಿದರೆ 50. ಡೇಟಾಬೇಸ್‌ನಲ್ಲಿ ಅಂಕ ಇಲ್ಲದ ಜಾಗಕ್ಕೆ `NULL` ಅಂತ ಇರುತ್ತದೆ. ಅದು ಸೊನ್ನೆ ಅಲ್ಲ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆದ ಈ ನಾಲ್ಕು ಸಾಲು ನೋಡಿ:

```sql
SELECT section, COUNT(*) AS enrolled,
       COUNT(marks) AS wrote, AVG(marks) AS average
FROM results
GROUP BY section;
```

`COUNT(*)` ಎಲ್ಲ ಸಾಲನ್ನೂ ಎಣಿಸುತ್ತದೆ, ಇಲ್ಲಿ 50 ಬರುತ್ತದೆ. `COUNT(marks)` ಅಂಕ ಇರುವ ಸಾಲನ್ನು ಮಾತ್ರ ಎಣಿಸುತ್ತದೆ, 45. `AVG` ಕೂಡ `NULL` ಬಿಟ್ಟು ಲೆಕ್ಕ ಹಾಕುತ್ತದೆ, ಹಾಗಾಗಿ 60 ಬರುತ್ತದೆ. ಆದರೆ ಗೈರಾದವರಿಗೆ ಯಾರೋ ಸುಮ್ನೆ ಸೊನ್ನೆ ತುಂಬಿಸಿದ್ದರೆ 54 ಬರುತ್ತದೆ, ಪರದೆ ಮೇಲೆ ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ. ಪತ್ತೆ ಹಚ್ಚೋದು ಹೇಗೆ? 50 ಮಕ್ಕಳಲ್ಲಿ ಸರಿಯಾಗಿ 5 ಜನಕ್ಕೆ ಸೊನ್ನೆ, ಆಮೇಲಿನ ಕನಿಷ್ಠ ಅಂಕ 28 ಅಂತಿದ್ದರೆ ಯಾವ ಮೇಷ್ಟ್ರಿಗಾದರೂ ಅನುಮಾನ ಬರುತ್ತದೆ. ಪೇಪರ್ ತಿದ್ದಿದವರಿಗೆ ಗೊತ್ತು, ಪರೀಕ್ಷೆಗೆ ಕೂತ ಮಗು ಪೂರಾ ಸೊನ್ನೆ ತಗೊಳ್ಳೋದು ಅಪರೂಪ. ಆ ಅನುಮಾನ ಪುಸ್ತಕ ಓದಿ ಬರುವುದಿಲ್ಲ. ಗ್ರಾಹಕರ ಅಭಿಪ್ರಾಯ ಸಮೀಕ್ಷೆಯಲ್ಲೂ ಇದೇ ಸಮಸ್ಯೆ. ಉತ್ತರ ಕೊಡದವರು ಎಲ್ಲಿ ಹೋದರು? ಅವರನ್ನು ಸೊನ್ನೆ ಮಾಡಿದಿರಾ, ಬಿಟ್ಟುಬಿಟ್ಟಿರಾ?

ಸಮಯ ಎಷ್ಟಾಯಿತು? ಹತ್ತು ನಿಮಿಷವೇ ಉಳಿದಿರೋದು. ವಿಶೇಷ ತರಗತಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ವಿಶೇಷ ತರಗತಿಗೆ ಬಂದ ಮಕ್ಕಳ ಸರಾಸರಿ ಬರದವರಿಗಿಂತ ಕಡಿಮೆ ಇರುತ್ತದೆ. ಹಾಗಂತ ಆ ತರಗತಿಯಿಂದ ಹಾನಿಯಾಯಿತು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹಿಂದುಳಿದವರನ್ನು ಆರಿಸಿ ಕಳಿಸಿದವರು ನಾವೇ ಅಲ್ವಾ? ಕಂಪನಿಯಲ್ಲಿ, ಬಿಟ್ಟುಹೋಗುವ ಸೂಚನೆ ಇದ್ದ ಗ್ರಾಹಕರಿಗೆ ರಿಯಾಯಿತಿ ಕೂಪನ್ ಕಳಿಸಿರುತ್ತಾರೆ. ಕೂಪನ್ ಪಡೆದವರೇ ಜಾಸ್ತಿ ಬಿಟ್ಟುಹೋದರು, ಕೂಪನ್ ದಂಡ ಅಂತ ಯಾರೋ ವರದಿ ಬರೆಯುತ್ತಾರೆ. 'ಯಾರಿಗೆ ಕಳಿಸಿದ್ದಿರಿ?' ಅಂತ ನೀವು ಕೇಳುತ್ತೀರಿ. ಉತ್ತರ ಬೇಕಿದ್ದರೆ ಬಿಟ್ಟುಹೋಗುವಂತಿದ್ದ ಗ್ರಾಹಕರಲ್ಲೇ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅವರಿಗೆ ಕೂಪನ್ ಕಳಿಸದೆ ಇಟ್ಟು, ಎರಡೂ ಗುಂಪನ್ನು ಹೋಲಿಸಬೇಕು. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ಈಗ ಬಿಡುತ್ತೇನೆ.

ರೆಸ್ಯೂಮೆಗೆ ಬರುತ್ತೇನೆ. 'ವಿದ್ಯಾರ್ಥಿಗಳ ಸಾಧನೆಯನ್ನು ವಿಶ್ಲೇಷಿಸಿದ ಅನುಭವ' ಅನ್ನೋ ಸಾಲನ್ನು ಹೊಡೆದುಹಾಕಿ. ಅಲ್ಲಿ ಹೀಗೆ ಬರೆಯಿರಿ: 'ಶಾಲೆಯ ಸರಾಸರಿ ಇಳಿದಾಗ ವಿಭಾಗವಾರು ಒಡೆದು ನೋಡಿ, ಇಳಿಕೆಗೆ ಕಾರಣ ಹೊಸ ಸೇರ್ಪಡೆ ಎಂದು ತೋರಿಸಿದೆ; ಇದರಿಂದ ಪಾಠಕ್ರಮ ಬದಲಿಸುವ ಬದಲು ಹೊಸ ಮಕ್ಕಳಿಗೆ ಸೇತುಬಂಧ ತರಗತಿ ಶುರುವಾಯಿತು.' ಪ್ರಶ್ನೆ ಏನಿತ್ತು, ಏನು ನೋಡಿದಿರಿ, ಅದರಿಂದ ಯಾರು ಏನು ಬದಲಿಸಿದರು. ಈ ಮೂರೂ ಇರಲಿ, ಮೂರೂ ನಿಮ್ಮ ಶಾಲೆಯಲ್ಲಿ ನಿಜವಾಗಿ ನಡೆದದ್ದಾಗಿರಲಿ. ಸಂದರ್ಶನದಲ್ಲಿ ಮುಂದಿನ ಪ್ರಶ್ನೆ ಅದರ ಮೇಲೇ ಬರುತ್ತದೆ.

ಎಸ್‌ಕ್ಯೂಎಲ್ ಕಲಿಯಲೇಬೇಕು, ಅದಕ್ಕೆ ಬದಲಿ ಇಲ್ಲ. ಮೇಷ್ಟ್ರಾಗಿದ್ದ ಅನುಭವ ನೋಡಿ ಯಾರೂ ಅದನ್ನು ಮಾಫಿ ಮಾಡುವುದಿಲ್ಲ. ಒಂದು ಟೇಬಲ್‌ಗೆ ಇನ್ನೊಂದನ್ನು ಜೋಡಿಸುವ `JOIN` ಕೈಗೆ ಹತ್ತುವ ತನಕ ಅರ್ಜಿ ಹಾಕಬೇಡಿ. ಅಪ್ಪ, ಅಮ್ಮ ಇಬ್ಬರ ಫೋನ್ ನಂಬರೂ ಇರುವ ಟೇಬಲ್ ಜೋಡಿಸಿದರೆ ಒಂದು ಮಗು ಎರಡು ಸಾಲಾಗುತ್ತದೆ, ಸರಾಸರಿ ಕೆಡುತ್ತದೆ. ಜೋಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಾಲು ಎಣಿಸಿ. ಮತ್ತೆ ಅದೇ, ಛೇದ.

ಕೊನೆಯದಾಗಿ ಒಂದು ವಿನಂತಿ. ಮಾದರಿ ಕೆಲಸ ತೋರಿಸಲು ನಿಮ್ಮ ಮಕ್ಕಳ ನಿಜವಾದ ಅಂಕಪಟ್ಟಿ ತಗೊಂಡು ಹೋಗಬೇಡಿ. ಹೆಸರು ಅಳಿಸಿದರೂ ಸಾಲದು. ಚಿಕ್ಕ ತರಗತಿಯಲ್ಲಿ ಅಂಕ ನೋಡಿದರೇ ಯಾವ ಮಗು ಅಂತ ಗೊತ್ತಾಗುತ್ತದೆ. ನಾನು ಹಾಳೆ ಮೇಲೆ ಬರೆದ ಹಾಗೆ ಅಂಕಿಗಳನ್ನು ನೀವೇ ಹುಟ್ಟಿಸಿ, ಇವು ಕಲ್ಪಿತ ಅಂತ ಮೇಲೆ ಬರೆಯಿರಿ. ಬೇರೆಯವರ ಮಾಹಿತಿಯನ್ನು ನೀವು ಹೇಗೆ ಇಟ್ಟುಕೊಳ್ಳುತ್ತೀರಿ ಅನ್ನೋದನ್ನೂ ಮ್ಯಾನೇಜರ್ ನೋಡುತ್ತಿರುತ್ತಾರೆ, ನಾಳೆ ಅವರ ಗ್ರಾಹಕರ ಪಟ್ಟಿ ನಿಮ್ಮ ಕೈಗೇ ಬರೋದು.

ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನ ಮೇಡಂ ಆಗಲೇ ಕೈ ಎತ್ತಿದ್ದಾರೆ, ಅವರಿಂದ ಶುರು ಮಾಡೋಣ.